ಸೋದರಮಾವ ಕೊಟ್ಟ ಹಣಕ್ಕೂ ತೆರಿಗೆ ನೋಟಿಸ್ ಬಂದಿದೆ, ಏನು ಉತ್ತರ ಕೊಡಲಿ?

ಪ್ರಶ್ನೆ: ನಮ್ಮದು ಶಿರಸಿ. ಮನೆ ಕಟ್ಟಲು ಸೋದರಮಾವ 6 ಲಕ್ಷ ಬ್ಯಾಂಕ್ ಮೂಲಕ ಕೊಟ್ಟಿದ್ದರು. ಅದು ತೆರಿಗೆ ಬೀಳುವ ಆದಾಯ ಎಂದು ಈಗ ನೋಟಿಸ್ ಬಂದಿದೆ. ದಾನಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಇವೆ. ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಆದರೆ ಕಾನೂನು ನಿಮ್ಮ ಕಡೆಗಿದೆ. 1961ರ ಆದಾಯ ತೆರಿಗೆ ಕಾಯ್ದೆಯ 56(2)(x) ಕಲಮಿನಲ್ಲಿ ಸಂಬಂಧಿಕರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ, ಮೊತ್ತ ಎಷ್ಟೇ ಇರಲಿ. ಅಪ್ಪ ಅಮ್ಮನ ಒಡಹುಟ್ಟಿದವರು ಆ ಸಂಬಂಧಿಕರ ಪಟ್ಟಿಯಲ್ಲಿದ್ದಾರೆ. (ಇದೇ ಹಣವನ್ನು ನೀವು ಮಾವನಿಗೆ ಕೊಟ್ಟಿದ್ದರೆ ಅವರಿಗೆ ತೆರಿಗೆ ಬೀಳುತ್ತಿತ್ತು, ಯಾಕೆಂದರೆ ಅಕ್ಕನ ಮಗ ಆ ಪಟ್ಟಿಯಲ್ಲಿಲ್ಲ.)

ಮೊದಲು ಸಂಬಂಧ ತೋರಿಸಿ. ನಿಮ್ಮ ದಾಖಲೆಯಲ್ಲಿ ಅಮ್ಮನ ಹೆಸರು, ಅಮ್ಮನ ಮತ್ತು ಮಾವನ ದಾಖಲೆಗಳಲ್ಲಿ ಒಬ್ಬರೇ ತಂದೆಯ ಹೆಸರು ಕಾಣಬೇಕು. ಶಾಲೆಯ ಸರ್ಟಿಫಿಕೇಟ್ ಆಗುತ್ತದೆ, ನಾಡಕಚೇರಿಯ ವಂಶವೃಕ್ಷ ಇದ್ದರೆ ಇನ್ನೂ ಒಳ್ಳೆಯದು.

ಜಾಸ್ತಿ ಜನ ಎಡವುವುದು ಮುಂದಿನದರಲ್ಲಿ. ಮಾವನ ಹತ್ತಿರ 6 ಲಕ್ಷ ಎಲ್ಲಿಂದ ಬಂತು? ಅಡಿಕೆ ತೋಟ ಬಿಟ್ಟು ಬೇರೆ ಆದಾಯ ಇಲ್ಲದವರು ರಿಟರ್ನ್ ಹಾಕಿರುವುದಿಲ್ಲ, ಅದು ತಪ್ಪೂ ಅಲ್ಲ, ಆದರೆ ಅವರಿಗೆ ಕೊಡುವ ಶಕ್ತಿ ಇತ್ತು ಎಂದು ಅಧಿಕಾರಿಗೆ ಕಾಗದದಲ್ಲೇ ಗೊತ್ತಾಗಬೇಕು. ತೋಟದ ಪಹಣಿ, ಸೊಸೈಟಿಯಲ್ಲಿ ಅಡಿಕೆ ಮಾರಿದ ಬಿಲ್ಲು, ಆ ಹಣ ಮಾವನ ಖಾತೆಗೆ ಬಂದ ಪಾಸ್‌ಬುಕ್ ಪುಟ ಜೋಡಿಸಿ. ನಿಮಗೆ ಹಣ ಹಾಕುವ ಹಿಂದಿನ ದಿನ ಮಾವನ ಖಾತೆಗೆ ದೊಡ್ಡ ನಗದು ಜಮಾ ಆಗಿದೆಯೇ ನೋಡಿ. ಆಗಿದ್ದರೆ ಅದು ಯಾವ ಮಾರಾಟದ್ದು, ಯಾವಾಗ ತೆಗೆದಿಟ್ಟಿದ್ದು ಅಂತ ನೀವೇ ಮೊದಲು ಬರೆಯಿರಿ. ಇದಕ್ಕೆ ಉತ್ತರ ಇಲ್ಲದಿದ್ದರೆ 68ನೇ ಕಲಮಿನಡಿ ವಿವರ ಇಲ್ಲದ ಜಮಾ ಎಂದು ಪೂರ್ತಿ ಮೊತ್ತವನ್ನು ನಿಮ್ಮ ಆದಾಯಕ್ಕೇ ಸೇರಿಸಬಹುದು, ಆಗ ದಾನಪತ್ರ ಒಂದೇ ಕಾಪಾಡುವುದಿಲ್ಲ.

ದಾನಪತ್ರದಲ್ಲಿ ಸಂಬಂಧ, ಮೊತ್ತ, ವರ್ಗಾವಣೆಯ ತಾರೀಖು, ಯುಟಿಆರ್ ನಂಬರು, ನೀವು ಸ್ವೀಕರಿಸಿದ ಸಹಿ ಇರಲಿ. ಹಣದ ದಾನಕ್ಕೆ ನೋಂದಣಿ ಕಡ್ಡಾಯವಲ್ಲ. ಆಗ ಬರೆಸಿರದಿದ್ದರೆ ಹಳೆಯ ತಾರೀಖು ಹಾಕಲೇಬೇಡಿ, ಛಾಪಾ ಕಾಗದ ಕೊಂಡ ದಿನ ಅದರ ಮೇಲೇ ಇರುತ್ತದೆ. ಇವತ್ತಿನ ತಾರೀಖಿನಲ್ಲೇ "ಇಂಥ ದಿನ ಕೊಟ್ಟಿದ್ದು ನಿಜ" ಎಂದು ಮಾವನಿಂದ ದೃಢೀಕರಣ ಬರೆಸಿ.

ಉತ್ತರ ಚಿಕ್ಕದಿರಲಿ: "ಈ 6 ಲಕ್ಷ ನನ್ನ ತಾಯಿಯ ತಮ್ಮ ಕೊಟ್ಟ ಉಡುಗೊರೆ. 56(2)(x) ಪ್ರಕಾರ ಅವರು ಸಂಬಂಧಿಕರು, ಹಾಗಾಗಿ ತೆರಿಗೆ ಅನ್ವಯಿಸುವುದಿಲ್ಲ. ದಾಖಲೆ 1ರಿಂದ 6 ಲಗತ್ತಿಸಿದ್ದೇನೆ." ಪೋರ್ಟಲ್‌ನಲ್ಲಿ `Pending Actions` ಒಳಗಿನ `e-Proceedings`ನಲ್ಲಿ, ನೋಟಿಸ್ ಹೇಳಿದ ಕೊನೆ ದಿನದೊಳಗೆ ಹಾಕಿ, ಸ್ವೀಕೃತಿ ಇಳಿಸಿಕೊಳ್ಳಿ. ಸೊಸೈಟಿ ಬಿಲ್ಲು ಸಿಗಲು ತಡವಾದರೆ ಅಲ್ಲೇ ಸಮಯ ಕೇಳಿ, ಸುಮ್ನೆ ಕೂರಬೇಡಿ.