ಹನ್ನೆರಡು ತಿಂಗಳ ಕ್ಲೋಸಿಂಗ್, ಓಪನಿಂಗ್ ಎಲ್ಲಾ ತಾಳೆ ಆಯ್ತು, ಅಂದ್ರೆ ಯಾವ ಎಂಟ್ರಿನೂ ಬಿಟ್ಟುಹೋಗಿಲ್ಲ ಅಂತಾನಾ?

ಪ್ರಶ್ನೆ: "ಜನವರಿಯಿಂದ ಡಿಸೆಂಬರ್ ತನಕ ಬ್ಯಾಂಕ್ ಸ್ಟೇಟ್‌ಮೆಂಟ್ ತಿಂಗಳು ತಿಂಗಳಾಗಿ ಡೌನ್‌ಲೋಡ್ ಮಾಡಿ ಒಂದೇ ಶೀಟ್‌ಗೆ ಸೇರಿಸಿದೀನಿ. ಪ್ರತಿ ತಿಂಗಳ ಕ್ಲೋಸಿಂಗ್ ಮುಂದಿನ ತಿಂಗಳ ಓಪನಿಂಗ್‌ಗೆ ಸರಿಯಾಗಿ ಕೂತಿದೆ, ಎಲ್ಲಾ ಕಡೆ TRUE ಬರ್ತಿದೆ. ಆದ್ರೂ ವರ್ಷದ ಡೆಬಿಟ್ ಟೋಟಲ್ ನಮ್ಮ ಲೆಕ್ಕಕ್ಕಿಂತ ಕಮ್ಮಿ ಇದೆ. ಓಪನಿಂಗ್ ಕ್ಲೋಸಿಂಗ್ ಸರಿ ಇದ್ಮೇಲೆ ಎಂಟ್ರಿ ತಪ್ಪಿಹೋಗೋಕೆ ಹೇಗೆ ಸಾಧ್ಯ?"

ಸಾಧ್ಯ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದೀನೋ ಲೆಕ್ಕ ಇಲ್ಲ, ಪ್ರತಿ ಸಲ ಚಿಕ್ಕದಾಗಿ ಹೇಳಿ ಬಿಟ್ಟಿದ್ದಕ್ಕೇ ಮತ್ತೆ ಮತ್ತೆ ಬರ್ತಿದೆ ಅನ್ಸುತ್ತೆ, ಹಾಗಾಗಿ ಇವತ್ತು ಪೂರ್ತಿ ಬರೀತೀನಿ.

ಮೊದಲು ನೀವು ಚೆಕ್ ಮಾಡಿದ್ದು ಏನನ್ನ ಅಂತ ನೋಡಿ. ಜುಲೈ ಸ್ಟೇಟ್‌ಮೆಂಟ್‌ನ ಕೊನೇಲಿ ಬ್ಯಾಂಕ್ ಒಂದು ಕ್ಲೋಸಿಂಗ್ ಪ್ರಿಂಟ್ ಮಾಡಿರುತ್ತೆ, ಆಗಸ್ಟ್ ಸ್ಟೇಟ್‌ಮೆಂಟ್‌ನ ತಲೇಲಿ ಒಂದು ಓಪನಿಂಗ್ ಪ್ರಿಂಟ್ ಮಾಡಿರುತ್ತೆ. ಎರಡೂ ಬ್ಯಾಂಕ್‌ದೇ ಸಂಖ್ಯೆ. ನೀವು ಬ್ಯಾಂಕ್‌ನ ಒಂದು ಸಂಖ್ಯೆನ ಬ್ಯಾಂಕ್‌ನ ಇನ್ನೊಂದು ಸಂಖ್ಯೆ ಜೊತೆ ಹೋಲಿಸಿದ್ರಿ, ಅವು ತಾಳೆ ಆದ್ವು. ನೀವು ಶೀಟ್‌ಗೆ ತಂದ ಸಾಲುಗಳು ಈ ಹೋಲಿಕೆಯೊಳಗೆ ಎಲ್ಲೂ ಬಂದೇ ಇಲ್ಲ! ಆಗಸ್ಟ್‌ನ ಅಷ್ಟೂ ಸಾಲು ಅಳಿಸಿಬಿಟ್ಟು ತಲೆಯ ಓಪನಿಂಗ್, ಬುಡದ ಕ್ಲೋಸಿಂಗ್ ಎರಡನ್ನೇ ಉಳಿಸಿದ್ರೂ ನಿಮ್ಮ ಹನ್ನೊಂದು ಕಡೇನೂ TRUE ಅಂತಲೇ ಬರುತ್ತೆ. ನಂಬಿಕೆ ಬರದಿದ್ರೆ ಶೀಟ್‌ನ ಒಂದು ಕಾಪಿ ಮಾಡ್ಕೊಂಡು ಅಳಿಸಿ ನೋಡಿ.

ಹನ್ನೊಂದು ಅಂದೆ, ಹನ್ನೆರಡಲ್ಲ. ಹನ್ನೆರಡು ತಿಂಗಳ ಮಧ್ಯೆ ಇರೋ ಜೋಡಣೆ ಹನ್ನೊಂದೇ. ಜನವರಿ ಓಪನಿಂಗ್ ಸರಿ ಇದೆಯಾ ಅಂತ ತಿಳೀಬೇಕಾದ್ರೆ ಹಿಂದಿನ ಡಿಸೆಂಬರ್ ಸ್ಟೇಟ್‌ಮೆಂಟ್‌ನ ಕೊನೇ ಪುಟ ಬೇಕು, ಅದನ್ನ ತಂದಿಟ್ಕೊಳ್ಳೋರು ಬಹಳ ಕಮ್ಮಿ.

ಇದಕ್ಕಿಂತ ಕೆಟ್ಟ ಇನ್ನೊಂದು ರೂಪ ಇದೆ. ಸಾರಾಂಶದ ಶೀಟ್‌ನಲ್ಲಿ ಆಗಸ್ಟ್ ಓಪನಿಂಗ್ ಟೈಪ್ ಮಾಡೋ ಬದಲು ಜುಲೈ ಕ್ಲೋಸಿಂಗ್ ಇರೋ ಸೆಲ್‌ಗೆ = ಹಾಕಿ ಎಳ್ಕೊಂಡು ಬಂದಿರ್ತಾರೆ, ಆಮೇಲೆ ಅದೇ ಎರಡು ಸೆಲ್ ಸಮ ಇದೆಯಾ ಅಂತ ಕೇಳ್ತಾರೆ. ಅದು ಯಾವ ಕಾಲಕ್ಕೂ FALSE ಬರಲ್ಲ. ಓಪನಿಂಗ್ ಅನ್ನ ಆ ತಿಂಗಳ ಸ್ಟೇಟ್‌ಮೆಂಟ್ ನೋಡಿ ಕೈಯಲ್ಲೇ ಹಾಕಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಹಾಗಂತ ಈ ಜೋಡಣೆ ಚೆಕ್ ದಂಡ ಅಂತಲ್ಲ. ಒಂದು ತಿಂಗಳ ಫೈಲೇ ಬಿಟ್ಟುಹೋಗಿದ್ರೆ, ಒಂದೇ ತಿಂಗಳು ಎರಡು ಸಲ ಸೇರಿದ್ರೆ, ಇನ್ನೊಂದು ಅಕೌಂಟಿನ ಸ್ಟೇಟ್‌ಮೆಂಟ್ ನುಸುಳಿದ್ರೆ ಅದು ಸಾಮಾನ್ಯವಾಗಿ ಹಿಡಿದುಕೊಡುತ್ತೆ. ಆದರೆ ಅದು ಹೇಳೋದು ಫೈಲ್‌ಗಳು ಸಾಲಾಗಿ ಬಂದಿವೆ ಅಂತ ಮಾತ್ರ. ಫೈಲ್ ಒಳಗಿನ ಸಾಲುಗಳೆಲ್ಲ ಬಂದಿವೆಯಾ ಅನ್ನೋದು ಬೇರೇನೇ ಪ್ರಶ್ನೆ, ಅದಕ್ಕೆ ಬೇರೇನೇ ಚೆಕ್.

ಆ ಚೆಕ್ ಇಷ್ಟೇ: ಓಪನಿಂಗ್‌ಗೆ ನಿಮ್ಮ ಸಾಲುಗಳ ಕ್ರೆಡಿಟ್ ಕೂಡಿಸಿ, ಡೆಬಿಟ್ ಕಳೆದರೆ, ಪ್ರಿಂಟ್ ಆಗಿರೋ ಕ್ಲೋಸಿಂಗ್ ಬರಬೇಕು. ಸಾರಾಂಶದ ಶೀಟ್‌ನಲ್ಲಿ A ತಿಂಗಳು, B ಓಪನಿಂಗ್, C ಕ್ರೆಡಿಟ್, D ಡೆಬಿಟ್, E ಪ್ರಿಂಟ್ ಆದ ಕ್ಲೋಸಿಂಗ್ ಅಂತ ಇಟ್ಕೊಳ್ಳಿ, C ಮತ್ತು D ನಿಮ್ಮ ಸಾಲುಗಳಿಂದಲೇ ಕೂಡಿಸಿ ಬರಬೇಕು, ಸ್ಟೇಟ್‌ಮೆಂಟ್ ಕೊನೇಲಿರೋ ಟೋಟಲ್ ನೋಡಿ ತುಂಬಬಾರದು (ತುಂಬಿದ್ರೆ ಮತ್ತೆ ಬ್ಯಾಂಕ್‌ನ ಬ್ಯಾಂಕ್ ಜೊತೆಗೇ ಹೋಲಿಸಿದ ಹಾಗಾಯ್ತು). ಆಮೇಲೆ F ನಲ್ಲಿ ತಿಂಗಳ ಒಳಗಿನ ಚೆಕ್, G ನಲ್ಲಿ ಜೋಡಣೆ ಚೆಕ್:

```
F2: =ROUND(B2+C2-D2-E2,2)
G3: =ROUND(B3-E2,2)
```

ಎರಡೂ ಸೊನ್ನೆ ಬರಬೇಕು. TRUE, FALSE ಬದಲು ವ್ಯತ್ಯಾಸವನ್ನೇ ತೋರಿಸಿ ಅಂತ ನಾನು ಹಠ ಹಿಡಿಯೋದಕ್ಕೆ ಕಾರಣ ಇದೆ, FALSE ಅಂದ್ರೆ ತಪ್ಪಿದೆ ಅಂತ ಮಾತ್ರ ಗೊತ್ತಾಗುತ್ತೆ, ವ್ಯತ್ಯಾಸದ ಮೊತ್ತ ನೋಡಿದ್ರೆ ಎಷ್ಟೋ ಸಲ ತಪ್ಪು ಯಾವುದು ಅಂತಲೇ ಗೊತ್ತಾಗುತ್ತೆ. ROUND ಬೇಡ ಅನ್ಕೋಬೇಡಿ, ಶೀಟ್ ದಶಮಾಂಶಗಳನ್ನ ಒಳಗೆ ಇಟ್ಕೊಳ್ಳೋ ರೀತಿಯಿಂದಾಗಿ ನೂರಾರು ಸಾಲು ಕೂಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಉಳಿದು, 0.00 ಅಂತ ಕಾಣ್ತಿದ್ರೂ ಸಮ ಇಲ್ಲ ಅಂತ ಬರುತ್ತೆ.

ಈಗ ಈ ಪ್ರಶ್ನೆ ಕೇಳಿದವರ ಶೀಟ್‌ಗೇ ಬರೋಣ. G ಕಾಲಂ ಪೂರ್ತಿ ಸೊನ್ನೆ, ಅವರು ಹೇಳಿದ್ದು ನಿಜ. F ಹಾಕಿದ ತಕ್ಷಣ ಆಗಸ್ಟ್‌ನಲ್ಲಿ 2,600.00 ಬಂತು. ಆಗಸ್ಟ್ ಓಪನಿಂಗ್ 48,210.50, ಸಾಲುಗಳ ಕ್ರೆಡಿಟ್ 31,000.00, ಡೆಬಿಟ್ 26,745.25. ಲೆಕ್ಕದ ಪ್ರಕಾರ ಕ್ಲೋಸಿಂಗ್ 52,465.25 ಆಗ್ಬೇಕು, ಸ್ಟೇಟ್‌ಮೆಂಟ್‌ನಲ್ಲಿ 49,865.25 ಇದೆ. ನಮ್ಮ ಲೆಕ್ಕ ಜಾಸ್ತಿ ಬಂದಿದೆ ಅಂದ್ರೆ ಒಂದೋ ಡೆಬಿಟ್ ಸಾಲು ಬಿಟ್ಟುಹೋಗಿದೆ, ಇಲ್ಲಾ ಕ್ರೆಡಿಟ್ ಸಾಲು ಎರಡು ಸಲ ಬಂದಿದೆ. ಆಗಸ್ಟ್‌ನಲ್ಲಿ 2,600ರ ಕ್ರೆಡಿಟ್ ಯಾವುದೂ ಇರ್ಲಿಲ್ಲ, ಹಾಗಾಗಿ ಹುಡುಕಬೇಕಾಗಿದ್ದು ಡೆಬಿಟ್‌ನ.

ಎಲ್ಲಿ ಅಂತ ಹುಡುಕೋಕೆ ಕಣ್ಣು ನೋಯಿಸ್ಕೊಳ್ಳೋದು ಬೇಡ. ಪ್ರತಿ ಸಾಲಿನ ಪಕ್ಕ ಆ ಕ್ಷಣದ ಬ್ಯಾಲೆನ್ಸ್ ಇರುತ್ತಲ್ಲ, ಅದನ್ನ ಬಳಸಿ. ಸಾಲುಗಳ ಶೀಟ್‌ನಲ್ಲಿ D ಡೆಬಿಟ್, E ಕ್ರೆಡಿಟ್, F ಬ್ಯಾಲೆನ್ಸ್ ಆದ್ರೆ H ನಲ್ಲಿ ಇದನ್ನ ಹಾಕಿ ಕೊನೇ ತನಕ ಎಳೀರಿ:

```
H3: =ROUND(F2+E3-D3-F3,2)
```

ಹಿಂದಿನ ಸಾಲಿನ ಬ್ಯಾಲೆನ್ಸ್‌ನಿಂದ ಹೊರಟು ಈ ಸಾಲಿನ ಬ್ಯಾಲೆನ್ಸ್‌ಗೆ ಮುಟ್ತೀವಾ ಅಂತ ನೋಡೋದು. ಅವರ ಶೀಟ್‌ನಲ್ಲಿ ಆಗಸ್ಟ್ ಪೂರ್ತಿ ಸೊನ್ನೆ, ಒಂದೇ ಒಂದು ಸಾಲಿನಲ್ಲಿ 2,600.00. ಹಿಂದಿನ ಸಾಲಿನ ಬ್ಯಾಲೆನ್ಸ್ 37,910.00, ಈ ಸಾಲಿನ ಡೆಬಿಟ್ 450.00, ಅಂದ್ರೆ 37,460.00 ಇರ್ಬೇಕಿತ್ತು, ಇದ್ದಿದ್ದು 34,860.00. ಪಿಡಿಎಫ್ ತೆಗೆದು ನೋಡಿದ್ರೆ ಇವೆರಡರ ಮಧ್ಯೆ ಪುಟ ಮುಗಿದು ಹೊಸ ಪುಟ ಶುರುವಾಗಿತ್ತು, ಎರಡನೇ ಪುಟದ ಕೊನೇ ಎಂಟ್ರಿಯ ವಿವರ ಉದ್ದ ಇದ್ದು ಅರ್ಧ ಈ ಪುಟದಲ್ಲಿ, ಅರ್ಧ ಮುಂದಿನ ಪುಟದಲ್ಲಿ ಬಿದ್ದಿತ್ತು, ಪಿಡಿಎಫ್‌ನ ಶೀಟ್‌ಗೆ ಬದಲಿಸಿದ ಸಾಫ್ಟ್‌ವೇರ್ ಆ ಸಾಲನ್ನೇ ನುಂಗಿಹಾಕಿತ್ತು. 2,600ರ ಡೆಬಿಟ್ ಅಲ್ಲೇ ಕೂತಿತ್ತು. ಹುಡುಕೋಕೆ ಎರಡು ನಿಮಿಷನೂ ಹಿಡೀಲಿಲ್ಲ, ಅವರು ಅದಕ್ಕೆ ಮೂರು ಸಂಜೆ ಕಳೆದಿದ್ರಂತೆ.

ಈ H ಕಾಲಂನಲ್ಲಿ ನನಗೆ ಬಹಳ ಇಷ್ಟವಾಗೋ ವಿಷಯ ಇನ್ನೊಂದಿದೆ. ಎಲ್ಲಾ ತಿಂಗಳೂ ಒಂದೇ ಶೀಟ್‌ನಲ್ಲಿ ಒಂದರ ಕೆಳಗೊಂದು ಇದ್ದಾಗ, ಜುಲೈನ ಕೊನೇ ಸಾಲಿನಿಂದ ಆಗಸ್ಟ್‌ನ ಮೊದಲ ಸಾಲಿಗೆ ದಾಟೋ ಜಾಗದಲ್ಲೂ ಇದೇ ಫಾರ್ಮುಲಾ ಓಡುತ್ತೆ. ಅಂದ್ರೆ ಜೋಡಣೆ ಚೆಕ್ ತಾನಾಗೇ ಆಗೋಯ್ತು, ಅದೂ ನೀವು ತಂದ ಸಾಲುಗಳ ಮೇಲೆ. ಫೈಲ್‌ಗಳ ಮಧ್ಯೆ ಹೆಡಿಂಗ್ ಸಾಲು, ಖಾಲಿ ಸಾಲು ಉಳಿದಿದ್ರೆ ಮಾತ್ರ ಅಲ್ಲಿ ಫಾರ್ಮುಲಾ ಮುಗ್ಗರಿಸುತ್ತೆ, ಮೊದಲೇ ತೆಗೀರಿ.

ಒಂದು ಸಾಲಿನಲ್ಲಿ ಮಾತ್ರ ಮೊತ್ತ ಬಂದ್ರೆ ಅಲ್ಲಿ ಎಂಟ್ರಿ ಬಿಟ್ಟಿದೆ ಅಥವಾ ಎರಡು ಸಲ ಬಂದಿದೆ. ಒಂದು ತಿಂಗಳ ಹೆಚ್ಚುಕಮ್ಮಿ ಪ್ರತಿ ಸಾಲಲ್ಲೂ ಏನೋ ಒಂದು ಬಂದ್ರೆ ಯಾವ ಎಂಟ್ರಿನೂ ಹೋಗಿಲ್ಲ, ಆ ಫೈಲ್ ತಲೆಕೆಳಗಾಗಿದೆ, ಹೊಸ ಎಂಟ್ರಿ ಮೇಲೆ, ಹಳೇದು ಕೆಳಗೆ. ತಾರೀಕಿನ ಪ್ರಕಾರ ಸಾರ್ಟ್ ಮಾಡಿದ್ರೆ ಸರಿಹೋಗುತ್ತೆ ಅನ್ಕೊಳ್ತೀರಿ, ಪೂರ್ತಿ ಹೋಗಲ್ಲ, ಒಂದೇ ದಿನದ ಐದು ಎಂಟ್ರಿ ತಮ್ಮತಮ್ಮಲ್ಲಿ ಉಲ್ಟಾನೇ ಉಳೀತವೆ. ಆ ಫೈಲ್‌ಗೆ ಮೊದಲು ಕ್ರಮಸಂಖ್ಯೆ ಹಾಕಿ, ಆ ಸಂಖ್ಯೆಯ ಮೇಲೆ ಹಿಂದುಮುಂದು ಮಾಡಿ. ಇನ್ನು H ಪೂರ್ತಿ ಸೊನ್ನೆ ಇದ್ದು ಸಾರಾಂಶದ ಶೀಟ್‌ನ F ಮಾತ್ರ ಕೈಕೊಟ್ರೆ ಕೆಲವು ಮೊತ್ತಗಳು ಸಂಖ್ಯೆಯಾಗಿರದೆ ಅಕ್ಷರವಾಗಿ ಕೂತಿರೋ ಸಾಧ್ಯತೆ ಇದೆ, ಕೂಡೋ ಫಾರ್ಮುಲಾ ಅಂಥವನ್ನ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತೆ. ISNUMBER ಹಾಕಿ ನೋಡಿದ್ರೆ ಸಿಕ್ಕಿಬೀಳ್ತವೆ.

H ಗೂ ಸಿಗದ ತಪ್ಪು ಒಂದಿದೆ. 1,800 ಡೆಬಿಟ್ ಆಗಿ, ಅದು ಫೇಲಾಗಿ, ಕೆಳಗಿನ ಸಾಲಲ್ಲೇ 1,800 ವಾಪಸ್ ಬಂದಿದೆ ಅನ್ಕೊಳ್ಳಿ. ಆ ಎರಡೂ ಸಾಲು ಒಟ್ಟಿಗೆ ಬಿಟ್ಟುಹೋದ್ರೆ ಬ್ಯಾಲೆನ್ಸ್ ಎಲ್ಲೂ ಅಲುಗಾಡಲ್ಲ, F, G, H ಮೂರೂ ಸೊನ್ನೆ. ಇದನ್ನ ಹಿಡಿಯೋಕೆ ಎಣಿಕೆ ಮಾಡ್ಬೇಕು. ಸ್ಟೇಟ್‌ಮೆಂಟ್ ಕೊನೇಲಿ ಇಷ್ಟು ಡೆಬಿಟ್, ಇಷ್ಟು ಕ್ರೆಡಿಟ್ ಅಂತ ಲೆಕ್ಕ ಕೊಟ್ಟಿದ್ರೆ ನಿಮ್ಮ ಸಾಲುಗಳ ಎಣಿಕೆ ಜೊತೆ ಹೋಲಿಸಿ, ಕೊಟ್ಟಿಲ್ಲ ಅಂದ್ರೆ ಪಿಡಿಎಫ್‌ನ ಪುಟಕ್ಕೆ ಎಷ್ಟು ಎಂಟ್ರಿ ಅಂತ ಎಣಿಸಿ.

ಯಾರೂ ಕೇಳಿಲ್ಲ, ಆದ್ರೂ ಇಷ್ಟು ಬಂದಮೇಲೆ ಹೇಳಿಬಿಡ್ತೀನಿ: ಸಾಲುಗಳೆಲ್ಲ ಸರಿ ಇದ್ದೂ ಜೋಡಣೇಲಿ ಮಾತ್ರ ವ್ಯತ್ಯಾಸ ಬಂದ್ರೆ? ಮೊದಲು ನೋಡಬೇಕಾದ್ದು ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿದ ದಿನ. ಅಕ್ಟೋಬರ್ ಸ್ಟೇಟ್‌ಮೆಂಟ್ ಅಂತ 31ನೇ ತಾರೀಕು ಮಧ್ಯಾಹ್ನವೇ ತೆಗೆದಿದ್ರೆ ಅದರ ಕ್ಲೋಸಿಂಗ್ ಆ ಮಧ್ಯಾಹ್ನದ್ದು. ಅವತ್ತು ಸಂಜೆ 700 ಕಳಿಸಿದ್ರೆ, ಅದು ಅಕ್ಟೋಬರ್ ಫೈಲಲ್ಲೂ ಇಲ್ಲ, 1ರಿಂದ ಶುರುವಾಗೋ ನವೆಂಬರ್ ಫೈಲಲ್ಲೂ ಇಲ್ಲ, ನವೆಂಬರ್ ಓಪನಿಂಗ್ ಮಾತ್ರ 700 ಕಮ್ಮಿ. ಇಂಥ ಕಡೆ ಜನ ಏನ್ಮಾಡ್ತಾರೆ ಅಂದ್ರೆ "ವ್ಯತ್ಯಾಸ" ಅಂತ 700ರ ಒಂದು ಸಾಲು ತಾವೇ ಸೇರಿಸಿ ಸೊನ್ನೆ ಬರಿಸ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಅಲ್ಲಿ ಆಗಿದ್ದು ಒಂದೇ ಪಾವತಿ ಅಂತ ನಿಮಗೆ ಹೇಗೆ ಗೊತ್ತು, 1,000 ಹೋಗಿ 300 ಬಂದಿರಬಹುದಲ್ಲ. ಅಕ್ಟೋಬರ್‌ನ ಮತ್ತೊಮ್ಮೆ ಪೂರ್ತಿ ಡೌನ್‌ಲೋಡ್ ಮಾಡಿ, ಹಳೇ ಫೈಲ್‌ನ ಸಾಲುಗಳನ್ನೆಲ್ಲ ತೆಗೆದು ಹೊಸದರ ಸಾಲು ಹಾಕಿ, H ಮತ್ತೆ ಎಳೀರಿ.