ಮರದ ಆಟಿಕೆಯ ಹೆಸರಲ್ಲೇ ‘ಸೇಫ್’ ಅಂತ ಬರೀಬೇಕಾ?

ಓದುಗರೊಬ್ಬರು ಕೇಳಿದ್ದಾರೆ: “ನಾವು ಲೇತ್‌ನಲ್ಲಿ ಮರ ಕಡೆದು, ಅರಗಿನ ಬಣ್ಣ ಕೊಟ್ಟು ಆಟಿಕೆ ಮಾಡುತ್ತೇವೆ. ಗಿಲಕಿ, ಎಳೆಯುವ ಗಾಡಿ, ಬುಗುರಿ, ಒಂದರ ಮೇಲೊಂದು ಪೇರಿಸುವ ಬಳೆಗಳು. ಇಷ್ಟು ದಿನ ಬೇರೆಯವರ ಹೆಸರಲ್ಲಿ ಮಾರಾಟ ಆಗ್ತಿತ್ತು. ಈಗ ನಮ್ಮದೇ ಬ್ರ್ಯಾಂಡ್ ಮಾಡಬೇಕು ಅಂತಿದ್ದೇವೆ. ಹೆಸರು ಕೇಳಿದ ಕೂಡಲೇ ಅಪ್ಪ ಅಮ್ಮಂದಿರಿಗೆ ಇದು ಸುರಕ್ಷಿತ, ಕೈಕೆಲಸದ್ದು, ಆಡೋಕೆ ಚೆನ್ನಾಗಿದೆ ಅಂತ ಮೂರೂ ಅನಿಸಬೇಕು. ಸೇಫ್‌ವುಡ್, ಅರಗು, ಉರುಳು, ಬುಗುರಿ ಅಂತ ನಾಲ್ಕು ಹೆಸರು ಬರೆದಿಟ್ಟಿದ್ದೇವೆ. ಯಾವುದು ಇಡೋಣ?”

ನೇರವಾಗಿ ಹೇಳುತ್ತೇನೆ, ನಾಲ್ಕೂ ಬೇಡ. ಆದರೆ ನಾಲ್ಕೂ ಒಂದೊಂದು ಪಾಠ ಕಲಿಸುತ್ತವೆ. ಅದಕ್ಕೇ ಒಂದೊಂದಾಗಿ ನೋಡೋಣ.

ಮೊದಲು ಸೇಫ್‌ವುಡ್. ಮಗುವಿಗೆ ಗಿಲಕಿ ಹುಡುಕುತ್ತಿರುವ ತಾಯಿ ಡಬ್ಬಿಯ ಮೇಲೆ ಈ ಹೆಸರು ಓದುತ್ತಾಳೆ ಅಂದುಕೊಳ್ಳಿ. ಆ ಕ್ಷಣದವರೆಗೆ ಅವಳು ಬಣ್ಣ ಚೆನ್ನಾಗಿದೆಯಲ್ಲ ಅಂತ ನೋಡುತ್ತಿದ್ದಳು. ‘ಸೇಫ್’ ಅನ್ನೋ ಮಾತು ಕಂಡ ಕೂಡಲೇ ‘ಹೌದಾ, ಮರದ್ದರಲ್ಲಿ ಸೇಫ್ ಅಲ್ಲದ್ದೂ ಇರುತ್ತಾ?’ ಅನ್ನೋ ಪ್ರಶ್ನೆ ಏಳುತ್ತದೆ. ಕೇಳದೆಯೇ ಕೊಟ್ಟ ಭರವಸೆ ಅನುಮಾನವನ್ನೇ ಎಬ್ಬಿಸುತ್ತದೆ. ಇನ್ನೊಂದು ತೊಂದರೆ, ಈ ಹೆಸರಿನಲ್ಲಿ ನಿಮ್ಮದು ಅನ್ನೋದು ಏನೂ ಇಲ್ಲ. ‘ಸುರಕ್ಷಿತ’ ಮತ್ತು ‘ಮರ’ ಎರಡೂ ಸರಕನ್ನು ವರ್ಣಿಸುವ ಮಾತುಗಳು. ಟ್ರೇಡ್‌ಮಾರ್ಕ್ ಕಚೇರಿಗಳು ಬರೀ ವರ್ಣನೆಯ ಹೆಸರನ್ನು ಸಾಮಾನ್ಯವಾಗಿ ಒಬ್ಬರಿಗೇ ಬಿಟ್ಟುಕೊಡುವುದಿಲ್ಲ. ಮರದ ಆಟಿಕೆ ಮಾಡುವ ಎಲ್ಲರಿಗೂ ಆ ಮಾತುಗಳು ಬೇಕಲ್ವಾ? ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಒಂದೇ ಒಂದು ಗಾಡಿಯ ಚಕ್ರ ಕಳಚಿ ಮಗುವಿನ ಬಾಯಿಗೆ ಹೋಯಿತು ಅಂದರೆ, ನಿಮ್ಮ ಹೆಸರೇ ನಿಮ್ಮ ಮೇಲೆ ದೂರಾಗಿ ನಿಲ್ಲುತ್ತದೆ.

ಸುರಕ್ಷತೆಯನ್ನು ಹೆಸರಿನಲ್ಲಿ ಹೇಳಬಾರದು, ಚೀಟಿಯಲ್ಲಿ ತೋರಿಸಬೇಕು ಅಂತ ನಾನು ನಂಬಿದ್ದೇನೆ. ಯಾಕೆಂದರೆ ಅದು ಅಳೆಯಬಹುದಾದ ಸಂಗತಿ. 3 ವರ್ಷಕ್ಕಿಂತ ಚಿಕ್ಕ ಮಕ್ಕಳ ಆಟಿಕೆಗೆ ಒಂದು ಪುಟ್ಟ ಕೊಳವೆಯ ಪರೀಕ್ಷೆ ಇದೆ. ಕೊಳವೆಯ ಒಳ ಅಗಲ 31.7 ಮಿ.ಮೀ. ತಳ ಓರೆಯಾಗಿರುತ್ತದೆ. ಹಾಗಾಗಿ ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಆಟಿಕೆಯಾಗಲಿ, ಬೀಳಿಸಿ ಎಳೆದು ನೋಡಿದಾಗ ಅದರಿಂದ ಕಳಚಿ ಬಂದ ತುಂಡಾಗಲಿ, ಒತ್ತದೆಯೇ ಪೂರ್ತಿ ಅದರೊಳಗೆ ಕೂತರೆ ಫೇಲ್. ಅದು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಅರ್ಥ. ಈ ಪರೀಕ್ಷೆ ಪಾಸಾದ ಗಿಲಕಿಯ ಚೀಟಿಯಲ್ಲಿ ವಯಸ್ಸು, ಮರದ ಜಾತಿ, ಬಣ್ಣ ಯಾವುದು ಅಂತ ಮೂರು ಸಾಲು ಬರೆಯಿರಿ. ಅಪ್ಪ ಅಮ್ಮ ನಂಬುವುದು ಆ ಮೂರು ಸಾಲನ್ನು. ಹೆಸರು ಅದಕ್ಕೆ ಅಡ್ಡ ಬರದಿದ್ದರೆ ಅದೇ ದೊಡ್ಡದು.

ಈಗ ಅರಗು. ಕಸುಬಿನವರಿಗೆ ಈ ಮಾತಿನ ಮೇಲೆ ಎಷ್ಟು ಪ್ರೀತಿ ಅಂತ ನನಗೆ ಗೊತ್ತು. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಾಟದ ಬಿಸಿಗೇ ಕರಗಿ ಬಣ್ಣ ಮರಕ್ಕೆ ಅಂಟುವುದನ್ನು ನೋಡುವುದೇ ಒಂದು ಖುಷಿ. ಆದರೆ ಕಸುಬು ಗೊತ್ತಿಲ್ಲದ ಕನ್ನಡದವರಿಗೆ ‘ಅರಗು’ ಅಂದ ಕೂಡಲೇ ನೆನಪಾಗುವುದು ಅರಗಿನ ಮನೆ. ಒಳಗಿದ್ದವರನ್ನು ಸುಡಲಿಕ್ಕೆ ಅಂತಲೇ ಕಟ್ಟಿಸಿದ ಮನೆ ಅದು. ಮಗುವಿನ ಕೈಗೆ ಕೊಡುವ ಸಾಮಾನಿನ ಮೇಲೆ ಆ ನೆನಪು ಬೇಡ. ಇನ್ನು ‘ಅರಗಿಸಿಕೊಳ್ಳು’ ಅನ್ನೋ ಮಾತೂ ಪಕ್ಕದಲ್ಲೇ ಇದೆ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗುವಿನ ಆಟಿಕೆಗೆ ಅದೂ ಒಗ್ಗುವುದಿಲ್ಲ.

ಉರುಳು ಕೇಳಲಿಕ್ಕೆ ಚೆನ್ನಾಗಿದೆ. ಗಾಡಿ ಉರುಳುತ್ತದೆ, ಬಳೆ ಉರುಳುತ್ತದೆ. ಆದರೆ ಉರುಳು ಅಂದರೆ ಕುಣಿಕೆ ಕೂಡ. ‘ಕೊರಳಿಗೆ ಉರುಳು’ ಅನ್ನೋ ಮಾತು ಯಾರಿಗೆ ಗೊತ್ತಿಲ್ಲ? ಅದರಲ್ಲೂ ನಿಮ್ಮದು ದಾರ ಕಟ್ಟಿ ಎಳೆಯುವ ಗಾಡಿ. ದಾರ ಉದ್ದವಾದರೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು ಅಂತ ಆಟಿಕೆಯ ನಿಯಮಗಳು ಅದರ ಉದ್ದಕ್ಕೇ ಮಿತಿ ಹಾಕುತ್ತವೆ. ಆ ಗಾಡಿಗೆ ಈ ಹೆಸರು ಖಂಡಿತ ಬೇಡ. ಹೆಸರಿಗೆ ಇರುವ ಎಲ್ಲ ಅರ್ಥವನ್ನೂ ನಿಘಂಟಿನಲ್ಲಿ ನೋಡಿ ಅಂತ ನಾನು ಪದೇಪದೇ ಹೇಳುವುದು ಇದಕ್ಕೇ.

ಬುಗುರಿ ಈ ನಾಲ್ಕರಲ್ಲಿ ಗುರಿಗೆ ತೀರಾ ಹತ್ತಿರ ಬಂದದ್ದು. ಆಟ ಇದೆ, ಲೇತ್ ಇದೆ, ಸದ್ದೂ ದುಂಡಗಿದೆ. ಆದರೂ ಎರಡು ಕಾರಣಕ್ಕೆ ಬೇಡ ಅನ್ನುತ್ತೇನೆ. ನೀವು ಬುಗುರಿಯನ್ನೇ ಮಾರುತ್ತೀರಿ. ಬುಗುರಿಗೆ ಬುಗುರಿ ಅಂತ ಹೆಸರಿಟ್ಟರೆ ಅದು ಮತ್ತೆ ವರ್ಣನೆಯೇ ಆಯಿತು, ಗಿಲಕಿ ಕೊಳ್ಳಲು ಬಂದವರಿಗೆ ‘ಇವರು ಬುಗುರಿಯವರು’ ಅನಿಸುತ್ತದೆ. ಇನ್ನೊಂದು ಕಾರಣ ಮೊಳೆ. ಬುಗುರಿ ಆಡಿದವರ ನೆನಪಲ್ಲಿ ಅದರ ತುದಿಯ ಕಬ್ಬಿಣದ ಮೊಳೆಯೂ ಇರುತ್ತದೆ.

ಸದ್ದು ದುಂಡಗಿದೆ ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸುರಕ್ಷತೆ ಹೆಸರಿನೊಳಗೆ ಬರುವುದಾದರೆ ಈ ಬಾಗಿಲಿನಿಂದಲೇ ಬರಬೇಕು. ಮಿದುಳಿನ ಸಂಶೋಧಕರಾದ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ 2001ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಎರಡು ಚಿತ್ರ, ಒಂದು ದುಂಡಗೆ ಮೆತ್ತಗೆ, ಇನ್ನೊಂದು ಚೂಪು ಮೂಲೆಗಳದ್ದು. ಇದರಲ್ಲಿ ‘ಬೂಬಾ’ ಯಾವುದು, ‘ಕಿಕಿ’ ಯಾವುದು ಅಂತ ಕೇಳಿದರೆ ಬಹುತೇಕ ಎಲ್ಲರೂ ದುಂಡಗಿರುವುದನ್ನೇ ಬೂಬಾ ಅನ್ನುತ್ತಾರೆ. ನೀವೇ ಹೇಳಿ ನೋಡಿ. ಬ, ಮ, ಲ ಮತ್ತು ಉ, ಒ ಹೇಳುವಾಗ ಬಾಯಿ ಮೆತ್ತಗೆ ಆಡುತ್ತದೆ. ಕ, ಟ ಜೊತೆ ಇ ಬಂದರೆ ಸದ್ದು ಕಡಿದ ಹಾಗೆ ಆಗುತ್ತದೆ. ಮೂಲೆ ಉಜ್ಜಿ ನುಣುಪು ಮಾಡಿದ ಆಟಿಕೆಗೆ ಮೂಲೆ ಉಜ್ಜಿದ ಹೆಸರೇ ಒಪ್ಪುತ್ತದೆ. ಇದು ಪಕ್ಕಾ ನಿಯಮ ಅಂತ ತಿಳಿಯಬೇಡಿ. ಸದ್ದು ಸಣ್ಣ ಒಲವು ಕೊಡುತ್ತದೆ, ಅರ್ಥ ಕೆಟ್ಟದಾಗಿದ್ದರೆ ಸದ್ದು ಉಳಿಸುವುದಿಲ್ಲ. ಉರುಳು ಕೂಡ ದುಂಡು ಸದ್ದೇ ಅಲ್ವಾ?

ಹಾಗಾದರೆ ಹೆಸರು ಹೊರಬೇಕಾದ್ದು ಏನು? ಆಟ. ಮರದ ಆಟಿಕೆಯಿಂದಲೇ ಶುರುವಾದ ಒಂದು ಹಳೆಯ ಉದಾಹರಣೆ ನೋಡಿ. ಡೆನ್ಮಾರ್ಕ್‌ನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ 1932ರಲ್ಲಿ ಮರದ ಆಟಿಕೆ ಮಾಡತೊಡಗಿದರು. 1934ರಲ್ಲಿ ಅದಕ್ಕೆ ಲೆಗೋ ಅಂತ ಹೆಸರಿಟ್ಟರು. ಡ್ಯಾನಿಶ್‌ನಲ್ಲಿ `leg godt` ಅಂತ ಬರೆದು ‘ಲೈ ಗಾಟ್’ ಅಂತ ಓದುವ, ಅಂದರೆ ‘ಚೆನ್ನಾಗಿ ಆಡು’ ಅನ್ನೋ ಎರಡು ಮಾತಿನ ಮೊದಲ ಎರಡೆರಡು ಅಕ್ಷರಗಳನ್ನು ಕೂಡಿಸಿದ ಹೆಸರದು. ಮರ ಅನ್ನೋದೂ ಇಲ್ಲ, ಸೇಫ್ ಅನ್ನೋದೂ ಇಲ್ಲ. ಆಮೇಲೆ ಪ್ಲಾಸ್ಟಿಕ್ ಇಟ್ಟಿಗೆಗೆ ಹೊರಳಿದಾಗಲೂ ಹೆಸರು ಸುಳ್ಳಾಗಲಿಲ್ಲ. ಇದನ್ನು ನೆನಪಿಡಿ. ‘ಮರ’ ಹೆಸರಿನಲ್ಲಿದ್ದರೆ ನಾಳೆ ಬಟ್ಟೆ ಗೊಂಬೆ ಮಾರುವಾಗ ಕೊಂಡವರಿಗೆ ತಪ್ಪು ತಿಳಿಸಿದ ಹಾಗೆ ಆಗುತ್ತದೆ. ಟ್ರೇಡ್‌ಮಾರ್ಕ್‌ನವರೂ ತಕರಾರು ಎತ್ತಬಹುದು. ನಾವು ಯಾವತ್ತೂ ಮರ ಬಿಡುವುದಿಲ್ಲ ಅಂತ ಗಟ್ಟಿಯಾಗಿದ್ದರೆ ಮಾತ್ರ ಆ ಮಾತು ಇಡಿ.

ನೀವು ಹಾಗೆ ಗಟ್ಟಿಯಾಗಿದ್ದೀರಿ ಅಂತಲೇ ಇಟ್ಟುಕೊಂಡು ಎರಡು ಹೆಸರು ಕಟ್ಟಿ ನೋಡಿದೆ. ಮೊದಲನೆಯದು ಮರಿಮರ. ಮರಿ ಅಂದರೆ ಪುಟ್ಟದು, ಮರ ಅಂತೂ ಮರವೇ. ತೊದಲು ಮಾತಿನ ಹಾಗಿದೆ, ಮಕ್ಕಳ ಬಾಯಲ್ಲೂ ನಿಲ್ಲುತ್ತದೆ. ನನಗೆ ತುಂಬಾ ಇಷ್ಟವಾಗಿತ್ತು. ಆದರೆ ಇಂಗ್ಲಿಷ್ ಅಕ್ಷರದಲ್ಲಿ `Marimara` ಅಂತ ಬರೆದು ಗೆಳತಿಗೆ ತೋರಿಸಿದಾಗ ಅವಳು ‘ಮಾರಿ ಮಾರ’ ಅಂತ ಓದಿದಳು. ಒಂದಲ್ಲ, ಎರಡು ಕಡೆ ಎಳೆದಳು. ಮಾರಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆನ್‌ಲೈನ್‌ನಲ್ಲಿ ಹೆಸರನ್ನು ಜನ ಟೈಪ್ ಮಾಡುವುದು ಹೆಚ್ಚಾಗಿ ಆ ಅಕ್ಷರದಲ್ಲೇ, ಅದಕ್ಕೆ ಅದನ್ನು ಕೈಬಿಟ್ಟೆ.

ಎರಡನೆಯದು ಮರಗುಬ್ಬಿ. ದಿನಬಳಕೆಯ ಮಾತಲ್ಲ, ಆದರೂ ಕೇಳಿದವರ ಕಣ್ಣಿಗೆ ಒಂದು ಚಿತ್ರ ಬರುತ್ತದೆ. ಅಂಗೈಯಲ್ಲಿ ಹಿಡಿಸುವ ದುಂಡನೆಯ ಮರದ ಹಕ್ಕಿ. ಯಾರೋ ಕಡೆದು ಮಾಡಿದ್ದು ಅನ್ನೋದು ಆ ಚಿತ್ರದಲ್ಲೇ ಬಂತು, ಕೈಕೆಲಸ ಅಂತ ಬೇರೆ ಹೇಳಬೇಕಿಲ್ಲ. ಗುಬ್ಬಿ ಅಂದರೆ ಚಿಕ್ಕದು, ಯಾರಿಗೂ ಹೆದರಿಕೆ ಹುಟ್ಟಿಸದ್ದು, ಮಕ್ಕಳ ಕಥೆಯಲ್ಲಿ ಬರುವಂಥದ್ದು. ‘ಗುಬ್ಬಿ’ ಅನ್ನುವಾಗ ತುಟಿ ಮುಚ್ಚಿ ಮೆತ್ತಗೆ ತೆರೆಯುತ್ತದೆ. ಬುಗುರಿ, ಗಿಲಕಿ, ಗಾಡಿ ಯಾವುದನ್ನೂ ಅದು ನೇರವಾಗಿ ವರ್ಣಿಸುವುದಿಲ್ಲ. ಹಾಗಾಗಿ ಎಲ್ಲದರ ಮೇಲೂ ಕೂರುತ್ತದೆ. `Maragubbi` ಅಂತ ಬರೆದಾಗಲೂ ತಪ್ಪಾಗಿ ಓದುವ ಜಾಗ ಕಡಿಮೆ. ಕೊರತೆ ಇಲ್ಲ ಅಂತಲ್ಲ. ಕನ್ನಡ ಬಾರದವರಿಗೆ ಚಿತ್ರ ಮೂಡುವುದಿಲ್ಲ. ಅವರಿಗಾಗಿ ಲೋಗೋದಲ್ಲಿ ಆ ಹಕ್ಕಿಯನ್ನೇ ಬಿಡಿಸಬೇಕಾಗುತ್ತದೆ.

ಇದನ್ನು ಹಾಗೇ ಬೋರ್ಡಿಗೆ ಬರೆಸಬೇಡಿ, ಪರೀಕ್ಷೆ ಮಾಡಿ. ‘ಈ ಹೆಸರು ಇಷ್ಟ ಆಯ್ತಾ?’ ಅಂತ ಮಾತ್ರ ಕೇಳಬೇಡಿ, ಮುಲಾಜಿಗೆ ಎಲ್ಲರೂ ಹೂಂ ಅಂತಾರೆ. ಚಿಕ್ಕ ಮಕ್ಕಳಿರುವ ಹತ್ತು ಮನೆಗೆ ಫೋನ್ ಮಾಡಿ. ಹೆಸರನ್ನು ಒಂದೇ ಸಲ ಹೇಳಿ. ‘ಇವರು ಏನು ಮಾರಬಹುದು, ಎಷ್ಟು ವಯಸ್ಸಿನವರಿಗೆ?’ ಅಂತ ಕೇಳಿ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಲು ಹೇಳಿ. ಎರಡು ದಿನ ಬಿಟ್ಟು, ನೀವು ಹೆಸರು ಎತ್ತದೆ, ‘ಅವತ್ತು ಹೇಳಿದ್ದು ನೆನಪಿದೆಯಾ?’ ಅಂತ ಕೇಳಿ. ಉತ್ತರದಲ್ಲಿ ಆಟ, ಮರ, ಪುಟ್ಟ ಮಕ್ಕಳು ಬಂದರೆ ಹೆಸರು ಕೆಲಸ ಮಾಡುತ್ತಿದೆ. ಪೀಠೋಪಕರಣ ಅಂದರೆ ‘ಮರ’ ಜಾಸ್ತಿ ತೂಗುತ್ತಿದೆ ಅಂತ. ಹಕ್ಕಿ ಪಂಜರದ ಅಂಗಡಿ ಅಂತ ಒಬ್ಬರಿಗಿಂತ ಹೆಚ್ಚು ಜನ ಹೇಳಿದರೆ ಹೆಸರಿನ ಕೆಳಗೆ ‘ಮರದ ಆಟಿಕೆ’ ಅಂತ ಒಂದು ಸಣ್ಣ ಸಾಲು ಬೇಕು.

ಅಷ್ಟಾದ ಮೇಲೆ ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಹುಡುಕಿ. ಅಂತರರಾಷ್ಟ್ರೀಯ ವಿಂಗಡಣೆಯಲ್ಲಿ ಆಟಿಕೆಗಳದ್ದು 28ನೇ ವರ್ಗ. ಅದೇ ಹೆಸರು ಅಂತ ಮಾತ್ರ ನೋಡಬೇಡಿ, ಕಿವಿಗೆ ಹಾಗೇ ಕೇಳುವ ಹೆಸರನ್ನೂ ನೋಡಿ. ಬರೀ ‘ಗುಬ್ಬಿ’ ಅಂತ ಆ ವರ್ಗದಲ್ಲಿ ಯಾರಾದರೂ ಆಗಲೇ ಇಟ್ಟುಕೊಂಡಿದ್ದರೆ ಮರಗುಬ್ಬಿಗೂ ತೊಡಕು ಬರಬಹುದು. ಚೀಟಿ, ಡಬ್ಬಿ ಅಚ್ಚಿಗೆ ಕೊಡುವುದು ಈ ಹುಡುಕಾಟ ಮುಗಿದ ಮೇಲೆಯೇ ಇರಲಿ.