ಎರಡು ತುಂಡಿನ ವಾಕ್ಯದ ನಡುವೆ ಯಾವ ಚಿಹ್ನೆ?

ಹಾಸನದಲ್ಲಿ ನಾವು ನಾಲ್ಕೈದು ಮಂದಿ ಸಂಜೆ ಸೇರಿ ಪ್ರಬಂಧ ಬರೆದು, ಒಬ್ಬರದನ್ನು ಇನ್ನೊಬ್ಬರು ತಿದ್ದುತ್ತೇವೆ. ಕಳೆದ ವಾರ ನನ್ನ ಒಂದೇ ಪುಟದಲ್ಲಿ ಒಂಬತ್ತು ಅರ್ಧವಿರಾಮಗಳಿದ್ದವು. ಬರಹಕ್ಕೆ ತೂಕ ಬರಲಿ ಎಂದು ಹಾಕಿದ್ದೆ. ಗೆಳತಿ ಏಳನ್ನು ಹೊಡೆದುಹಾಕಿದಳು.

ಮೊದಲು ಬಿದ್ದದ್ದು ಇದು: ‘ಮಳೆ ನಿಂತರೂ; ಸಕಲೇಶಪುರದ ಬಸ್ ಹೊರಡಲಿಲ್ಲ.’ ‘ನಿಂತರೂ’ ಎಂದಾಗ ಮಾತು ಇನ್ನೂ ಬಾಕಿ ಇದೆ. ನಿಂತು, ನಿಂತಾಗ, ನಿಂತರೆ, ನಿಂತದ್ದರಿಂದ ಎಲ್ಲವೂ ಹೀಗೆಯೇ. ಇವುಗಳ ಮುಂದೆ ಅಲ್ಪವಿರಾಮ ಸಾಕು. ವಾಕ್ಯ ಚಿಕ್ಕದಾದರೆ ಅದೂ ಬೇಡ. ಪರೀಕ್ಷೆ ಸುಲಭ: ಎರಡನೆಯ ತುಂಡನ್ನು ಬೆರಳಿನಿಂದ ಮುಚ್ಚಿ, ಮೊದಲನೆಯದಕ್ಕೆ ಪೂರ್ಣವಿರಾಮ ಇಟ್ಟು ಓದಿ. ನಿಲ್ಲದಿದ್ದರೆ ಅರ್ಧವಿರಾಮಕ್ಕೆ ಅಲ್ಲಿ ಜಾಗವಿಲ್ಲ.

ಕ್ರಿಯಾಪದವನ್ನಷ್ಟೇ ಹುಡುಕಬೇಡಿ. ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದೆ ವಾಕ್ಯ ಪೂರ್ಣವಾಗುತ್ತದೆ. ನನ್ನ ಪುಟದಲ್ಲಿ ಉಳಿದ ಎರಡರಲ್ಲಿ ಒಂದು ಅಂಥದ್ದೇ. ಮೊದಲು ಬರೆದದ್ದು: ‘ಬೇಲೂರಿನ ದೇವರು ಚೆನ್ನಕೇಶವ, ಹಳೇಬೀಡಿನ ಜೋಡಿ ಗುಡಿಯ ದೇವರು ಹೊಯ್ಸಳೇಶ್ವರ, ಶಾಂತಲೇಶ್ವರ.’ ಇಲ್ಲಿ ಎರಡು ಅಲ್ಪವಿರಾಮಗಳು ಎರಡು ಬೇರೆ ಕೆಲಸ ಮಾಡುತ್ತಿವೆ: ಒಂದು ಊರಿನಿಂದ ಊರನ್ನು ಬೇರ್ಪಡಿಸುತ್ತದೆ, ಇನ್ನೊಂದು ಹೆಸರಿನಿಂದ ಹೆಸರನ್ನು. ಓದುವ ಕಣ್ಣಿಗೆ ಎರಡೂ ಒಂದೇ. ‘ಚೆನ್ನಕೇಶವ’ದ ಮುಂದೆ ಅರ್ಧವಿರಾಮ ಇಟ್ಟೆ: ‘ಬೇಲೂರಿನ ದೇವರು ಚೆನ್ನಕೇಶವ; ಹಳೇಬೀಡಿನ ಜೋಡಿ ಗುಡಿಯ ದೇವರು ಹೊಯ್ಸಳೇಶ್ವರ, ಶಾಂತಲೇಶ್ವರ.’ ವಿಷ್ಣುವಿನ ಗುಡಿ ಒಂದು ಕಡೆ, ಶಿವನ ಗುಡಿ ಇನ್ನೊಂದು ಕಡೆ ನಿಂತವು. ಪೂರ್ಣವಿರಾಮ ಇಟ್ಟಿದ್ದರೆ ತಪ್ಪಾಗುತ್ತಿರಲಿಲ್ಲ, ಆದರೆ ಎರಡನ್ನೂ ಎದುರುಬದುರು ಇಟ್ಟು ನೋಡುವ ಉದ್ದೇಶ ಸಡಿಲವಾಗುತ್ತಿತ್ತು.

ಮೊದಲ ತುಂಡು ತಾನೇ ನಿಂತರೂ ಅರ್ಧವಿರಾಮ ಬೇಡವಾಗುವ ಸಂದರ್ಭವಿದೆ. ಹೊಡೆದ ಏಳರಲ್ಲಿ ಹೆಚ್ಚಿನವು ಇಂಥವು: ‘ಬಸ್ಸಿನಿಂದ ಇಳಿದೆವು; ಕಾಫಿ ಕುಡಿದೆವು.’ ಮಾಡಿದವರು ಅವರೇ, ಕೆಲಸ ಒಂದರ ಹಿಂದೆ ಒಂದು. ಇಂಥ ಕಡೆ ಕನ್ನಡ ಚಿಹ್ನೆಯನ್ನು ಕೇಳುವುದೇ ಇಲ್ಲ, ‘ಇಳಿದು’ ಎಂದು ಪೋಣಿಸುತ್ತದೆ: ‘ಬಸ್ಸಿನಿಂದ ಇಳಿದು ಕಾಫಿ ಕುಡಿದೆವು.’ ನನ್ನ ಗಾಂಭೀರ್ಯದ ಮುಕ್ಕಾಲು ಪಾಲು ಈ ಒಂದು ‘ಇಳಿದು’ವಿನಲ್ಲಿ ಕರಗಿಹೋಯಿತು!

ಉಳಿದ ಇನ್ನೊಂದು: ‘ಕಣದಲ್ಲಿ ಹರಡಿದ ಕಾಫಿ ಹಣ್ಣು ಒಣಗಲಿಲ್ಲ; ಮೂರು ದಿನದಿಂದ ಮೋಡ ಕವಿದಿತ್ತು.’ ಎರಡನೆಯ ತುಂಡು ಮೊದಲನೆಯದಕ್ಕೆ ಕಾರಣ ಹೇಳುತ್ತದೆ. ‘ಏಕೆಂದರೆ’ ಎಂಬ ಮಾತಿನ ಕೆಲಸವನ್ನು ಚಿಹ್ನೆಯೇ ಮಾಡುತ್ತಿದೆ. ಅಲ್ಪವಿರಾಮ ಇಟ್ಟರೆ ಒಣಗದಿರುವುದೂ ಮೋಡವೂ ಬರೀ ಎರಡು ಸುದ್ದಿಗಳಂತೆ ಕೇಳುತ್ತವೆ.

ಇಂಗ್ಲಿಷ್ ಕಲಿತವರಿಗೆ ಒಂದು ಮಾತು. ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಜೋಡಿಸಿದರೆ ಅಲ್ಲಿನ ಶಿಕ್ಷಕರು ತಪ್ಪು ಹಾಕುತ್ತಾರೆ. ಆ ಭಯವನ್ನು ಇಲ್ಲಿಗೆ ತರಬೇಡಿ. ‘ಅವನು ಹೋದ, ಇವನು ಬಂದ’ ಎಂಬ ಪುಟ್ಟ ಜೋಡಿಗೆ ಕನ್ನಡದಲ್ಲಿ ಅಲ್ಪವಿರಾಮವೇ ಚೆನ್ನ.